ಹೊಸ ಕೂಲೆಂಟ್, ತಣ್ಣನೆಯ ಹೀಟರ್

ಕೂಲೆಂಟ್ ಬದಲಿಸಿದ ಮರುದಿನ ಮಡಿಕೇರಿಯ ಚಳಿಯಲ್ಲಿ ಹೀಟರ್ ಹಾಕಿದರೆ ತಣ್ಣನೆಯ ಗಾಳಿ. ಟೆಂಪರೇಚರ್ ಮುಳ್ಳು ಮಾತ್ರ ಏರಿ, ದಿಢೀರನೆ ಇಳಿಯುತ್ತದೆ. ಇದು ಏರ್ ಲಾಕ್.

ಕೂಲೆಂಟ್ ಸುರಿಯುವಾಗ ಗಾಳಿ ಎತ್ತರದ ಜಾಗದಲ್ಲಿ, ಹೆಚ್ಚಾಗಿ ಹೀಟರಿನೊಳಗೆ, ಸಿಕ್ಕಿಕೊಳ್ಳುತ್ತದೆ. ಬಿಸಿ ಕೂಲೆಂಟ್ ಅಲ್ಲಿಗೆ ತಲುಪದು. ಥರ್ಮೋಸ್ಟಾಟಿನ ಸುತ್ತ ಗಾಳಿಯಿದ್ದರೆ ಅದು ತಡವಾಗಿ ತೆರೆಯುತ್ತದೆ. ತೆರೆದೊಡನೆ ರೇಡಿಯೇಟರಿನ ತಣ್ಣನೆಯ ಕೂಲೆಂಟ್ ನುಗ್ಗಿ ಮುಳ್ಳು ಕುಸಿಯುತ್ತದೆ.

ಗಾಳಿ ತೆಗೆಯುವ ಕೆಲಸ ಎಂಜಿನ್ ಪೂರ್ತಿ ತಣಿದ ಮೇಲೆಯೇ. ಬಿಸಿಯಿದ್ದಾಗ ಮುಚ್ಚಳ ತೆರೆದರೆ ಕೈ, ಮುಖ ಸುಡುತ್ತದೆ. ಕಾರಿನ ಮುಂಭಾಗ ಎತ್ತರಕ್ಕಿರುವಂತೆ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಬೇಕು. ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಕೂಲೆಂಟ್ ಸುರಿದು ಬಿಗಿಯಬೇಕು. ಮುಚ್ಚಳ ಹಾಕಿ, ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಿ, ತಣಿದ ಮೇಲೆ ಕಡಿಮೆಯಾದಷ್ಟು ತುಂಬಬೇಕು.

ಇಷ್ಟಾದರೂ ಗುಳ್ಳೆಗಳು ನಿಲ್ಲದಿದ್ದರೆ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ.