ಹಬ್ಬ ಒಂದು, ರಜೆ ಪಟ್ಟಿ ಮೂರು

2025ರ ದೀಪಾವಳಿಯನ್ನೇ ನೋಡಿ. ಅಕ್ಟೋಬರ್ 20ರ ಸೋಮವಾರ ನರಕ ಚತುರ್ದಶಿ, ಮಂಗಳವಾರ ಅಮಾವಾಸ್ಯೆ, ಬುಧವಾರ ಬಲಿಪಾಡ್ಯಮಿ. ಮನೆಯಲ್ಲಿ ಮೂರೂ ದಿನ ಹಬ್ಬವೇ. ಕರ್ನಾಟಕದ ಬ್ಯಾಂಕುಗಳಿಗೆ ಮಾತ್ರ ಸೋಮವಾರ ರಜೆ, ಮಂಗಳವಾರ ಕೆಲಸ, ಬುಧವಾರ ಮತ್ತೆ ರಜೆ. ನಿಪ್ಪಾಣಿಯಿಂದ ಗಡಿ ದಾಟಿ ಕೊಲ್ಹಾಪುರಕ್ಕೆ ಹೋದರೆ ಲೆಕ್ಕವೇ ಬೇರೆ: ಅಲ್ಲಿ ಸೋಮವಾರ ಬ್ಯಾಂಕು ತೆರೆದಿತ್ತು, ಮಂಗಳವಾರ ಮತ್ತು ಬುಧವಾರ ಬಾಗಿಲು ಹಾಕಿತ್ತು. ಇನ್ನು ಅಂಚೆ ಕಚೇರಿಯ ಪಟ್ಟಿಯಲ್ಲಿ ದೀಪಾವಳಿ ಎಂದರೆ ಸೋಮವಾರ ಒಂದೇ ದಿನ.

ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಕ್ಷರ ಕಂಡರೆ ಎಲ್ಲ ಕಚೇರಿಗೂ ರಜೆ ಎಂದುಕೊಳ್ಳುವುದು ನಮ್ಮ ರೂಢಿ. ಆ ಕೆಂಪು ಹೆಚ್ಚಾಗಿ ರಾಜ್ಯ ಸರ್ಕಾರದ ಸಾರ್ವತ್ರಿಕ ರಜೆಗಳ ಪಟ್ಟಿಯಿಂದ ಬಂದದ್ದು. ಬ್ಯಾಂಕು, ಅಂಚೆ, ಶಾಲೆ ಈ ಮೂರಕ್ಕೂ ರಜೆ ಕೊಡುವ ಯಜಮಾನರು ಬೇರೆ ಬೇರೆ. ಯಾರ ಪಟ್ಟಿ ಯಾವುದು ಎಂದು ತಿಳಿದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಬ್ಯಾಂಕಿನ ಹಬ್ಬದ ರಜೆಗೆ ಆಧಾರ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಚೆಕ್ ಬೌನ್ಸ್ ಪ್ರಕರಣ ಹಾಕುವುದು ಯಾವ ಕಾಯ್ದೆಯಡಿಯೋ ಅದೇ ಇದು. ಇದರ 25ನೇ ಕಲಮಿನ ಅಡಿಯಲ್ಲಿ ಯಾವ ದಿನಗಳು ರಜೆ ಎಂದು ಆಯಾ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. ಹಾಗಾಗಿ ಬ್ಯಾಂಕು ರಾಷ್ಟ್ರೀಕೃತವಾದರೂ ಖಾಸಗಿಯಾದರೂ ರಜೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಇದರ ಮೇಲೆ ಎಲ್ಲ ಭಾನುವಾರಗಳು, ಜೊತೆಗೆ 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರಗಳು ಸೇರಿಕೊಂಡಿವೆ. ತಿಂಗಳಿನಲ್ಲಿ ಐದನೇ ಶನಿವಾರ ಬಂದರೆ ಅಂದು ಬ್ಯಾಂಕು ತೆರೆದಿರುತ್ತದೆ. ಇದನ್ನು ಮರೆಯುವವರೇ ಹೆಚ್ಚು.

ಇವೆಲ್ಲವನ್ನೂ ಒಂದೇ ಕಡೆ ನೋಡಲು ರಿಸರ್ವ್ ಬ್ಯಾಂಕಿನ rbi.org.in ತಾಣದಲ್ಲಿ Holiday Matrix ಎಂಬ ಪುಟವಿದೆ. ಅದರಲ್ಲಿ ಊರಿನ ಹೆಸರೆಂದರೆ ರಿಸರ್ವ್ ಬ್ಯಾಂಕಿನ ಕಚೇರಿ ಇರುವ ನಗರ. ನಿಮ್ಮ ಶಾಖೆ ರಾಯಚೂರಿನಲ್ಲಿರಲಿ, ಕಾರವಾರದಲ್ಲಿರಲಿ, ನೋಡಬೇಕಾದದ್ದು ಬೆಂಗಳೂರು. ದಿನಪತ್ರಿಕೆ, ಟೀವಿಗಳಲ್ಲಿ ‘ಈ ತಿಂಗಳು ಬ್ಯಾಂಕುಗಳಿಗೆ ಇಷ್ಟೊಂದು ರಜೆ’ ಎಂದು ಬರುವ ಸುದ್ದಿ ಬಹುತೇಕ ದೇಶದ ಎಲ್ಲ ನಗರಗಳ ರಜೆಯನ್ನು ಒಟ್ಟಿಗೆ ಕೂಡಿಸಿದ್ದು. ಅಸ್ಸಾಮಿನ ಕಾಟಿ ಬಿಹುವಿಗೂ ಚನ್ನಪಟ್ಟಣದ ಶಾಖೆಗೂ ಏನೂ ಸಂಬಂಧವಿಲ್ಲ. ಅಂಥ ಸುದ್ದಿ ನೋಡಿ ಗಾಬರಿ ಬೀಳಬೇಕಾಗಿಲ್ಲ.

ಅಂಚೆ ಕಚೇರಿ ಕೇಂದ್ರ ಸರ್ಕಾರದ್ದು, ಅದರ ರಜೆಯ ಲೆಕ್ಕವೂ ಕೇಂದ್ರದ್ದೇ. ದೇಶದ ಕೇಂದ್ರ ಸರ್ಕಾರಿ ಕಚೇರಿಗಳಿಗೆ ಹದಿನಾಲ್ಕು ಕಡ್ಡಾಯ ರಜೆಗಳಿವೆ. ಅದರ ಮೇಲೆ ಹೋಳಿ, ಶಿವರಾತ್ರಿ, ಗಣೇಶ ಚತುರ್ಥಿ, ಸಂಕ್ರಾಂತಿ, ಯುಗಾದಿಯಂಥ ಹಬ್ಬಗಳ ಒಂದು ಗುಂಪಿನಿಂದ ಮೂರನ್ನು ಮಾತ್ರ ಆಯಾ ರಾಜ್ಯದಲ್ಲಿ ಆರಿಸಿಕೊಳ್ಳುತ್ತಾರೆ. ನಮ್ಮ ರಾಜ್ಯ ದೊಡ್ಡದಾಗಿ ಆಚರಿಸುವ ಬಸವ ಜಯಂತಿ, ವಾಲ್ಮೀಕಿ ಜಯಂತಿ, ಕನ್ನಡ ರಾಜ್ಯೋತ್ಸವ, ಕನಕ ಜಯಂತಿ ಈ ಎರಡು ಗುಂಪಿನಲ್ಲೂ ಇಲ್ಲ. ಬ್ಯಾಂಕಿಗೆ ಬೀಗ ಬಿದ್ದ ಆ ದಿನಗಳಲ್ಲಿ ಎದುರು ರಸ್ತೆಯ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಬಹುದು. ಇದು ತಿರುಗುಮುರುಗಾಗಿಯೂ ನಡೆಯುತ್ತದೆ. 2025ರ ಬುದ್ಧ ಪೂರ್ಣಿಮೆಗೂ ಗುರುನಾನಕ್ ಜಯಂತಿಗೂ ಅಂಚೆ ಕಚೇರಿಗೆ ರಜೆ, ಕರ್ನಾಟಕದ ಬ್ಯಾಂಕಿಗೆ ಕೆಲಸ. ಎರಡನೇ ಶನಿವಾರದ ರಜೆ ಅಂಚೆ ಕೌಂಟರಿಗೆ ಇಲ್ಲ ಎಂಬುದೂ ನೆನಪಿನಲ್ಲಿರಲಿ. ಆ ವರ್ಷ ಆರಿಸಿಕೊಂಡ ಮೂರು ಹಬ್ಬ ಯಾವುವು ಎಂಬುದಕ್ಕೆ ನಿಮ್ಮ ಅಂಚೆ ಕಚೇರಿಯಲ್ಲೇ ವಿಚಾರಿಸುವುದು ನೇರ ದಾರಿ.

ಶಾಲೆಯದು ಇನ್ನೂ ತೊಡಕು. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಶಿಕ್ಷಣ ಇಲಾಖೆಯ ವಾರ್ಷಿಕ ವೇಳಾಪಟ್ಟಿ ಇದೆ, ಸಿಬಿಎಸ್‌ಇ ಶಾಲೆಗಳದು ಅವರವರ ಡೈರಿ, ಜೊತೆಗೆ ಮಳೆ ಜೋರಾದರೆ ಜಿಲ್ಲಾಧಿಕಾರಿ ಕೊಡುವ ರಜೆ. ಕಳೆದ ದಸರೆಯನ್ನೇ ನೆನೆಸಿಕೊಳ್ಳಿ. 2025ರಲ್ಲಿ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಹೋಗಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೆ ವಿಸ್ತರಿಸಿದರು. ಅದೂ ಕೊನೆಯ ದಿನ ಪ್ರಕಟವಾಯಿತು. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಇದು ಅನ್ವಯಿಸಲಿಲ್ಲ. ಒಂದೇ ಮನೆಯಲ್ಲಿ ಅಣ್ಣ ಶಾಲೆಗೆ, ತಂಗಿ ಆಟಕ್ಕೆ. ಇಂಥಲ್ಲಿ ಯಾವ ಕ್ಯಾಲೆಂಡರೂ ಕೆಲಸಕ್ಕೆ ಬಾರದು. ಶಾಲೆಯ ವಾಟ್ಸ್ಆ್ಯಪ್ ಗುಂಪು ಅಥವಾ ಕಚೇರಿಗೆ ಒಂದು ಫೋನು, ಇವೆರಡೇ ದಾರಿ. ವರ್ಗಾವಣೆ ಪತ್ರ, ಅಂಕಪಟ್ಟಿ ಬೇಕಿದ್ದರೆ ‘ಮಕ್ಕಳಿಗೆ ರಜೆಯೇ’ ಎಂದು ಕೇಳಬೇಡಿ, ‘ಕಚೇರಿಯಲ್ಲಿ ಯಾರಾದರೂ ಇರುತ್ತಾರೆಯೇ’ ಎಂದು ಕೇಳಿ. ಎರಡಕ್ಕೂ ಉತ್ತರ ಬೇರೆ ಇರಬಹುದು.

ರಾಜ್ಯದ ಪಟ್ಟಿಯಲ್ಲೂ ಎಡವುವ ಜಾಗಗಳಿವೆ. ವರಮಹಾಲಕ್ಷ್ಮಿ ವ್ರತ ಮತ್ತು ಗೌರಿ ಹಬ್ಬ ಪರಿಮಿತ ರಜೆಗಳು. ಅಂದರೆ ಬೇಕಾದ ನೌಕರರು ತಮ್ಮ ಪಾಲಿನಿಂದ ತೆಗೆದುಕೊಳ್ಳಬಹುದು, ಕಚೇರಿ ತೆರೆದೇ ಇರುತ್ತದೆ. ಕೊಡಗಿನ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಆ ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ. ರಂಜಾನ್, ಬಕ್ರೀದ್, ಈದ್ ಮಿಲಾದ್ ಚಂದ್ರದರ್ಶನಕ್ಕೆ ಕಟ್ಟುಬಿದ್ದವು. ಪಟ್ಟಿಯ ದಿನಾಂಕ ಮತ್ತು ನಿಜವಾದ ಹಬ್ಬ ಒಂದು ದಿನ ಹಿಂದುಮುಂದಾದಾಗ ರಜೆಯ ದಿನ ಬದಲಾಗಬಹುದು, ಬದಲಾಗದೆಯೂ ಇರಬಹುದು. ಈ ಹಬ್ಬಗಳ ವಿಷಯದಲ್ಲಿ ಜನವರಿಯಲ್ಲಿ ನೋಡಿದ್ದನ್ನು ನಂಬದೆ ಹಿಂದಿನ ದಿನ ಮತ್ತೊಮ್ಮೆ ನೋಡಬೇಕು.

ಈಗ ಲೆಕ್ಕ ಹಾಕೋಣ. ಆ ದೀಪಾವಳಿಗೆ ಒಬ್ಬ ಗೃಹಿಣಿ ಲಕ್ಷ್ಮೀಪೂಜೆಗೆ ಲಾಕರಿನಿಂದ ಒಡವೆ ತರಬೇಕು, ಬಂದಿರುವ ಒಂದು ಚೆಕ್ ಹಾಕಬೇಕು, ದೂರದ ಊರಿನ ಅಣ್ಣನಿಗೆ ಪಾರ್ಸೆಲ್ ಕಳಿಸಬೇಕು ಎಂದಿಟ್ಟುಕೊಳ್ಳಿ. 18ರ ಶನಿವಾರ ಮೂರನೆಯದು, ಬ್ಯಾಂಕಿತ್ತು. ಭಾನುವಾರ, ಸೋಮವಾರ ಇಲ್ಲ. ಮಂಗಳವಾರ ಇತ್ತಾದರೂ ಅದು ಪೂಜೆಯ ದಿನವೇ. ಬುಧವಾರ ರಜೆ, ಗುರುವಾರ ಮತ್ತು ಶುಕ್ರವಾರ ಕೆಲಸ, 25ರ ಶನಿವಾರ ನಾಲ್ಕನೆಯದು, ಮತ್ತೆ ರಜೆ. ಒಡವೆ 18ರಂದೇ ತರಬೇಕು, ಚೆಕ್ಕೂ ಅಂದೇ ಕೊಟ್ಟರೆ ಒಳ್ಳೆಯದು. ಒಡವೆ ವಾಪಸು ಇಡಲು 23 ಅಥವಾ 24. ತಪ್ಪಿದರೆ 27ರವರೆಗೆ ಮನೆಯಲ್ಲೇ ಕಾಯಬೇಕು. ಪಾರ್ಸೆಲನ್ನು ಮಾತ್ರ ಬಲಿಪಾಡ್ಯಮಿಯಂದೂ ಕಳಿಸಬಹುದಿತ್ತು.

ಹಣ ಕಳಿಸುವುದಕ್ಕಂತೂ ಈಗ ಹಬ್ಬದ ಅಡ್ಡಿಯಿಲ್ಲ. 2019ರ ಡಿಸೆಂಬರ್‌ನಿಂದ ನೆಫ್ಟ್, ಮರುವರ್ಷದ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ಹಗಲಿರುಳು ನಡೆಯುತ್ತಿವೆ. ಆದರೆ ಇದೇ ಸವಲತ್ತಿಗೆ ಇನ್ನೊಂದು ಮುಖವಿದೆ. 2021ರ ಆಗಸ್ಟ್‌ನಿಂದ ಸಾಲದ ಕಂತನ್ನು ಖಾತೆಯಿಂದ ಸೆಳೆಯುವ ನ್ಯಾಚ್ ವ್ಯವಸ್ಥೆಯೂ ರಜೆಯ ದಿನ ಕೆಲಸ ಮಾಡುತ್ತದೆ. ಕಂತಿನ ದಿನಾಂಕ ಹಬ್ಬದ ದಿನ ಬಿದ್ದಿದ್ದರೆ ಹಿಂದಿನ ಸಂಜೆಯೇ ಖಾತೆಯಲ್ಲಿ ದುಡ್ಡಿರಲಿ.