ಪೇಟೆಂಟಿನಲ್ಲಿ ಎಡಿಸನ್, ಕ್ಯಾಮೆರಾದ ಹಿಂದೆ ಡಿಕ್ಸನ್

ಥಾಮಸ್ ಆಲ್ವ ಎಡಿಸನ್ ಹೆಸರಿನಲ್ಲಿ ಅಮೆರಿಕದಲ್ಲಿ 1,093 ಪೇಟೆಂಟ್‌ಗಳಿವೆ. ಒಬ್ಬನೇ ಮನುಷ್ಯ ಇಷ್ಟನ್ನೆಲ್ಲ ಕಂಡುಹಿಡಿದನೇ ಎಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಅವನು ಅಂಥ ಮಹಾಪ್ರತಿಭೆ ಎನ್ನುವುದು ಒಂದು. ಕೆಲಸಗಾರರ ಬುದ್ಧಿಗೆ ತನ್ನ ಹೆಸರು ಹಚ್ಚಿಕೊಂಡ ಎನ್ನುವುದು ಇನ್ನೊಂದು. ಎರಡನ್ನೂ ಹೇಳುವವರು ಸಾಮಾನ್ಯವಾಗಿ ಒಂದು ಪೇಟೆಂಟನ್ನೂ ತೆರೆದು ನೋಡಿರುವುದಿಲ್ಲ. ನಾವು ಒಂದನ್ನು ತೆರೆಯೋಣ: ಸಿನಿಮಾ ಕ್ಯಾಮೆರಾದ್ದು.

ಮೊದಲು ಅದು ಸಿಗಬೇಕಲ್ಲ. ಸಂಖ್ಯೆ ಗೊತ್ತಿದ್ದರೆ ಗೂಗಲ್ ಪೇಟೆಂಟ್ಸ್‌ನಲ್ಲಿ US589168A ಎಂದು ಟೈಪಿಸಿದರೆ ಸಾಕು. ಹೆಸರಿನಿಂದ ಹುಡುಕಹೊರಟರೆ ತೊಡಕು. ಹತ್ತೊಂಬತ್ತನೆಯ ಶತಮಾನದ ಪೇಟೆಂಟ್‌ಗಳು ನಮಗೆ ಸಿಗುವುದು ಸ್ಕ್ಯಾನ್ ಮಾಡಿದ ಹಾಳೆಗಳಾಗಿ. ಆ ಮಸುಕು ಅಚ್ಚನ್ನು ಯಂತ್ರ ಓದುವಾಗ ಅಕ್ಷರಗಳು ತಪ್ಪುತ್ತವೆ, ಎಷ್ಟೋ ಪೇಟೆಂಟ್‌ಗಳು ಹುಡುಕಾಟಕ್ಕೇ ಸಿಕ್ಕುವುದಿಲ್ಲ. ಎಡಿಸನ್ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ರಟ್ಗರ್ಸ್ ವಿಶ್ವವಿದ್ಯಾಲಯದ ಎಡಿಸನ್ ಪೇಪರ್ಸ್ ಯೋಜನೆಯವರು ಅವನ ಪೇಟೆಂಟ್‌ಗಳ ಪಟ್ಟಿಯ ಜೊತೆಗೆ ಪ್ರಯೋಗಶಾಲೆಯ ನೋಟ್‌ಬುಕ್ಕುಗಳನ್ನೂ ಪತ್ರಗಳನ್ನೂ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಪೇಟೆಂಟ್ ಮತ್ತು ನೋಟ್‌ಬುಕ್ ಎರಡೂ ಕೈಯಲ್ಲಿದ್ದರೆ ಮಾತ್ರ ಈ ತನಿಖೆಗೆ ಅರ್ಥ.

589168ರ ನೆತ್ತಿಯಲ್ಲಿ ಇರುವುದು ಒಂದೇ ಹೆಸರು, ಎಡಿಸನ್‌ನದು. ಅರ್ಜಿ ಹಾಕಿದ್ದು 1891ರ ಆಗಸ್ಟ್ 24ರಂದು, ಮಂಜೂರಾದದ್ದು 1897ರ ಆಗಸ್ಟ್ 31ರಂದು. ಇಲ್ಲಿ ಮಂಜೂರಾದ ದಿನಾಂಕವನ್ನು ನಂಬಿ ಮುಂದೆ ಹೋದವರು ಆರು ವರ್ಷ ದಾರಿ ತಪ್ಪುತ್ತಾರೆ. ಯಾರಿಗೆ ಯಾವಾಗ ಏನು ಹೊಳೆಯಿತು ಎಂದು ತಿಳಿಯಲು ಅರ್ಜಿಯ ದಿನವನ್ನೂ ದಾಟಿ ಹಿಂದಕ್ಕೆ ಹೋಗಬೇಕು.

ಹೋಗುವ ಮುಂಚೆ ಆಗಿನ ಕಾನೂನು ಏನು ಹೇಳುತ್ತಿತ್ತು ನೋಡಿ. ಅರ್ಜಿದಾರ ತಾನೇ ಮೊದಲ, ಮೂಲ ಆವಿಷ್ಕಾರಕ ಎಂದು ಪ್ರಮಾಣ ಮಾಡಬೇಕಿತ್ತು. ಆದರೆ 1868ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಗಾವಾಮ್ ಕಂಪನಿಯ ಮೊಕದ್ದಮೆಯಲ್ಲಿ, ಧಣಿಗಳಿಗೆ ಅನುಕೂಲವಾದ ಒಂದು ಸೂತ್ರ ಕೊಟ್ಟಿತ್ತು. ಯೋಜನೆಯನ್ನು ಮೊದಲು ಕಲ್ಪಿಸಿದವನು ಮಾಲೀಕನಾಗಿದ್ದು, ಅದನ್ನು ಕೈಗೂಡಿಸುವಾಗ ನೌಕರ ಸಣ್ಣಪುಟ್ಟ ಸುಧಾರಣೆ ಸೂಚಿಸಿದರೆ ಅದೂ ಮಾಲೀಕನ ಆವಿಷ್ಕಾರದೊಳಗೇ ಸೇರುತ್ತದೆ. ನೌಕರ ಕೊಟ್ಟದ್ದು ಇಡೀ ಯೋಜನೆಯೇ ಆಗಿದ್ದರೆ ಮಾತ್ರ ಬೇರೆ ಮಾತು. ಅಂದರೆ ಕೆಲಸ ಎಷ್ಟು ಮಾಡಿದ ಎನ್ನುವುದು ಲೆಕ್ಕಕ್ಕಿಲ್ಲ, ಕಲ್ಪನೆ ಯಾರದು ಎನ್ನುವುದಷ್ಟೇ ಲೆಕ್ಕ. ಹಗಲು ರಾತ್ರಿ ಲೇತ್ ಮುಂದೆ ನಿಂತವನ ಹೆಸರು ಪೇಟೆಂಟಿನಲ್ಲಿ ಇಲ್ಲದಿದ್ದರೆ ಅದರಿಂದಲೇ ಮೋಸ ಸಾಬೀತಾಗುವುದಿಲ್ಲ.

ಹೀಗಾಗಿ ಪ್ರಶ್ನೆ ಕಿರಿದಾಗುತ್ತದೆ: ಚಲನಚಿತ್ರ ಕ್ಯಾಮೆರಾದ ಮುಖ್ಯ ಕಲ್ಪನೆ ಏನು, ಅದು ಯಾರದು?

ಎಡಿಸನ್ 1888ರ ಅಕ್ಟೋಬರಿನಲ್ಲಿ ಪೇಟೆಂಟ್ ಕಚೇರಿಗೆ ಒಂದು ಕೇವಿಯಟ್ ಸಲ್ಲಿಸಿದ. ಇನ್ನೂ ಪೂರ್ಣವಾಗದ ಆವಿಷ್ಕಾರದ ವಿವರ ಬರೆದು, ಬೇರೆ ಯಾರಾದರೂ ಇಂಥದ್ದೇ ಅರ್ಜಿ ತಂದರೆ ತನಗೆ ತಿಳಿಸಿ ಎಂದು ಕೋರುವ ವ್ಯವಸ್ಥೆ ಅದು. ಫೋನೋಗ್ರಾಫ್ ಕಿವಿಗೆ ಮಾಡಿದ್ದನ್ನು ಕಣ್ಣಿಗೆ ಮಾಡುವ ಉಪಕರಣ ತನ್ನದು ಎಂದು ಅದರಲ್ಲಿ ಹೇಳಿದ್ದಾನೆ. ವಿವರವೂ ಫೋನೋಗ್ರಾಫಿನದ್ದೇ ನಕಲು: ಒಂದು ಸಿಲಿಂಡರಿನ ಮೈಮೇಲೆ ಸುರುಳಿಯಾಗಿ ಸಾವಿರಾರು ಪುಟ್ಟಪುಟ್ಟ ಚಿತ್ರಗಳು, ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇದು ಕೈಗೂಡಲಿಲ್ಲ. ಉರುಟು ಮೈಯ ಮೇಲಿನ ಚಿತ್ರದ ನಡುಭಾಗ ಸ್ಪಷ್ಟವಾಗಿದ್ದರೆ ಅಂಚು ಮಸುಕು.

1891ರ ಅರ್ಜಿಯಲ್ಲಿ ಸಿಲಿಂಡರ್ ಇಲ್ಲ. ಅಲ್ಲಿರುವುದು ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಫಿಲ್ಮ್ ಪಟ್ಟಿ. ಅದು ಒಂದೇ ಲೆನ್ಸಿನ ಹಿಂದೆ ಸರಿದು, ಕ್ಷಣ ನಿಂತು, ಮತ್ತೆ ಸರಿಯುತ್ತದೆ. ಪೇಟೆಂಟಿನ ಪ್ರಾಣ ಇರುವುದು ಇಲ್ಲಿ. ಹಾಗಾದರೆ ಸಿಲಿಂಡರ್ ಪಟ್ಟಿಯಾದದ್ದು ಯಾವಾಗ? 1889ರ ನವೆಂಬರಿನಲ್ಲಿ ಸಲ್ಲಿಸಿದ ನಾಲ್ಕನೆಯ ಕೇವಿಯಟ್‌ನಲ್ಲಿ ತೂತುಗಳ ಪಟ್ಟಿ ಕಾಣಿಸಿಕೊಳ್ಳುತ್ತದೆ. ತಿರುವು ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಆಗಿರಬೇಕು.

ಆ ತಿಂಗಳುಗಳಲ್ಲಿ ಎಡಿಸನ್ ಊರಲ್ಲೇ ಇರಲಿಲ್ಲ. ಆಗಸ್ಟ್ ಆರಂಭದಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆ ಹೊರಟವನು ಮರಳಿದ್ದು ಅಕ್ಟೋಬರ್ 6ಕ್ಕೆ. ನ್ಯೂಜೆರ್ಸಿಯ ಪ್ರಯೋಗಶಾಲೆಯಲ್ಲಿ ಈ ಕೆಲಸ ವಿಲಿಯಂ ಕೆನಡಿ ಲಾರಿ ಡಿಕ್ಸನ್‌ನ ಕೈಯಲ್ಲಿತ್ತು. ಅವನು ಆ ಶಾಲೆಯ ಛಾಯಾಗ್ರಾಹಕನೂ ಹೌದು. ಸೆಪ್ಟೆಂಬರ್ 2ರಂದು ಡಿಕ್ಸನ್ ಈಸ್ಟ್‌ಮನ್ ಕಂಪನಿಗೆ ಬರೆದ ಪತ್ರವೊಂದು ಉಳಿದಿದೆ, ಒಂದು ರೋಲ್ ಕೊಡಕ್ ಫಿಲ್ಮಿಗೆ ಎರಡೂವರೆ ಡಾಲರ್ ಕಳಿಸಿದ್ದರ ಬಗ್ಗೆ. ಇದನ್ನು ಹಿಡಿದು ಡಿಕ್ಸನ್‌ನೇ ಎಲ್ಲ ಮಾಡಿದ ಎನ್ನಬಹುದೇ? ಅವಸರ ಬೇಡ. ಪ್ಯಾರಿಸ್ಸಿನಲ್ಲಿ ಎಡಿಸನ್ ಭೇಟಿಯಾದವರಲ್ಲಿ ಎತಿಯೆನ್ ಜೂಲ್ ಮಾರೆ ಒಬ್ಬ. ಹಕ್ಕಿ, ಕುದುರೆಗಳ ಚಲನೆಯನ್ನು ಪಟ್ಟಿಯ ಮೇಲೆ ಸಾಲುಸಾಲಾಗಿ ಚಿತ್ರಿಸುತ್ತಿದ್ದ ಶರೀರವಿಜ್ಞಾನಿ ಅವನು. ತನ್ನ ಕೆಲಸವನ್ನು ಎಡಿಸನ್‌ಗೆ ತೋರಿಸಿದ್ದ. ಪಟ್ಟಿಯ ಯೋಚನೆ ಮಾರೆಯಿಂದ ಎಡಿಸನ್ ಮೂಲಕವೂ ಬಂದಿರಬಹುದು, ಈಸ್ಟ್‌ಮನ್ ಫಿಲ್ಮ್ ಹಿಡಿದು ಡಿಕ್ಸನ್ ಮೂಲಕವೂ ಬಂದಿರಬಹುದು.

ಇಬ್ಬರ ನೆನಪುಗಳೂ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಎಡಿಸನ್ ತನ್ನ ಪೇಟೆಂಟ್ ಉಳಿಸಿಕೊಳ್ಳಲು ಕೋರ್ಟಿನಲ್ಲಿ ನಿಂತು ನೆನಪಿಸಿಕೊಂಡವನು. ಡಿಕ್ಸನ್ 1933ರಲ್ಲಿ, ನಾಲ್ಕು ದಶಕ ಕಳೆದ ಮೇಲೆ, ತನ್ನ ಕಥೆ ಬರೆದ. ಎಡಿಸನ್ ಪ್ಯಾರಿಸ್ಸಿನಿಂದ ಬಂದಿಳಿದ ದಿನವೇ ಮಾತಾಡುವ ಚಿತ್ರ ತೋರಿಸಿದೆ ಎಂದ. 1961ರಲ್ಲಿ ಗೋರ್ಡನ್ ಹೆಂಡ್ರಿಕ್ಸ್ ಎಂಬ ಇತಿಹಾಸಕಾರ ಕಡತಗಳನ್ನು ಜಾಲಾಡಿ, ಕ್ಯಾಮೆರಾದ ಶ್ರೇಯ ಡಿಕ್ಸನ್‌ಗೇ ಸಲ್ಲಬೇಕು ಎಂದು ವಾದಿಸಿದ. ತಮಾಷೆಯೆಂದರೆ, ಡಿಕ್ಸನ್ ಹೇಳಿದ ದಿನಾಂಕಗಳು ಕಡತಕ್ಕೆ ಹೊಂದುವುದಿಲ್ಲ ಎಂದು ತೋರಿಸಿದವನೂ ಅವನೇ.

ನೆನಪಿಗಿಂತ ಗಟ್ಟಿಯಾದ ಸುಳಿವು ಇನ್ನೊಂದು ಪೇಟೆಂಟಿನಲ್ಲಿದೆ. ಆಯಸ್ಕಾಂತದಿಂದ ಕಬ್ಬಿಣದ ಅದಿರು ಬೇರ್ಪಡಿಸುವ ಯಂತ್ರಕ್ಕೆ 1890ರಲ್ಲಿ ಸಿಕ್ಕ ಒಂದು ಪೇಟೆಂಟಿನಲ್ಲಿ ಎಡಿಸನ್ ಮತ್ತು ಡಿಕ್ಸನ್ ಇಬ್ಬರ ಹೆಸರೂ ಜಂಟಿಯಾಗಿವೆ. ಅಂದರೆ ನೌಕರನ ಹೆಸರು ಸೇರಿಸುವುದೇ ಇಲ್ಲ ಎಂಬ ನಿಯಮವೇನೂ ಎಡಿಸನ್‌ಗೆ ಇರಲಿಲ್ಲ. ಅದೇ ನೌಕರನನ್ನು ಅದಿರಿನ ಯಂತ್ರದಲ್ಲಿ ಒಪ್ಪಿಕೊಂಡವನು ಮರುವರ್ಷ ಕ್ಯಾಮೆರಾದ ಅರ್ಜಿಯಲ್ಲಿ ಬಿಟ್ಟ. ಕಣ್ಣಿಗೊಂದು ಫೋನೋಗ್ರಾಫ್ ಎಂಬ ಗುರಿ, ಹಣ, ಕಾರ್ಯಾಗಾರ ಎಡಿಸನ್‌ನವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವನ ಕೈಬರಹದ ಸಿಲಿಂಡರ್ ಸೋತ ಮೇಲೆ ಗೆದ್ದ ಪಟ್ಟಿ ಸಣ್ಣಪುಟ್ಟ ಸುಧಾರಣೆಯಲ್ಲ. ನನ್ನ ಲೆಕ್ಕದಲ್ಲಿ 589168ರ ನೆತ್ತಿಯಲ್ಲಿ ಎರಡು ಹೆಸರಿರಬೇಕಿತ್ತು.

ಎಡಿಸನ್‌ನ ಎಲ್ಲ ಪೇಟೆಂಟ್‌ಗಳ ಕಥೆ ಹೀಗಲ್ಲ. ದೀಪದ ಪೇಟೆಂಟ್ 223898ರ ಮೊದಲ ಹಕ್ಕುವಾಕ್ಯ ಕೇಳುವುದು ಹೆಚ್ಚು ವಿದ್ಯುತ್ ರೋಧವಿರುವ ಇಂಗಾಲದ ಎಳೆಯನ್ನು. 1879ರ ಅಕ್ಟೋಬರ್ 22ರ ನೋಟ್‌ಬುಕ್ಕಿನಲ್ಲಿ ಹೊಲಿಗೆ ದಾರ ಸುಟ್ಟು ಮಾಡಿದ ಎಳೆ ಹದಿಮೂರೂವರೆ ಗಂಟೆ ಉರಿದದ್ದನ್ನು ದಾಖಲಿಸಿದವನು ಸಹಾಯಕ ಚಾರ್ಲ್ಸ್ ಬ್ಯಾಚಲರ್. ಆದರೆ ಎಳೆಗೆ ಹೆಚ್ಚು ರೋಧ ಬೇಕು, ಇಲ್ಲದಿದ್ದರೆ ಊರಿಗೆಲ್ಲ ಎಳೆಯುವ ತಾಮ್ರದ ತಂತಿಯ ಖರ್ಚಿಗೇ ದಿವಾಳಿ ಎಂಬ ತರ್ಕ ಎಡಿಸನ್‌ನ ವ್ಯವಸ್ಥೆಯ ಬೆನ್ನೆಲುಬು. ಅಗಾವಾಮ್ ಸೂತ್ರ ಅಲ್ಲಿ ಸರಿಯಾಗಿ ಕೂರುತ್ತದೆ.

ಡಿಕ್ಸನ್ 1895ರಲ್ಲಿ ಎಡಿಸನ್‌ನನ್ನು ಬಿಟ್ಟು, ಅಮೆರಿಕನ್ ಮ್ಯೂಟೋಸ್ಕೋಪ್ ಎಂಬ ಎದುರಾಳಿ ಕಂಪನಿ ಕಟ್ಟಿದವರ ಜೊತೆ ಸೇರಿದ. ಎಡಿಸನ್ ಆ ಕಂಪನಿಯ ಮೇಲೆ ಮೊಕದ್ದಮೆ ಹೂಡಿ 1902ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಸೋತ. ಆದರೆ ಆ ತೀರ್ಪನ್ನು ಡಿಕ್ಸನ್ ಪರ ಸಾಕ್ಷಿಯಾಗಿ ಬಳಸುವಂತಿಲ್ಲ. ಕೋರ್ಟ್ ನೋಡಿದ್ದು ಮಾರೆಯಂಥವರು ಮೊದಲೇ ಮಾಡಿದ್ದಕ್ಕಿಂತ ಇದರಲ್ಲಿ ಹೊಸದೆಷ್ಟು ಎಂಬುದನ್ನು. ಇನ್ನು ಮ್ಯೂಟೋಸ್ಕೋಪ್ ಕಂಪನಿಯ ಕ್ಯಾಮೆರಾದ ಪೇಟೆಂಟ್ ಹುಡುಕಿದರೆ ಅದು ಹರ್ಮನ್ ಕ್ಯಾಸ್ಲರ್ ಹೆಸರಿನಲ್ಲಿದೆ. ಡಿಕ್ಸನ್ ಎಂದು ಹುಡುಕಿದವರಿಗೆ ಅದೂ ಸಿಗುವುದಿಲ್ಲ.