ಕಳೆದುಹೋದ ಆರು ಗಂಟೆಗಳ ಲೆಕ್ಕ

2017ರ ಫೆಬ್ರುವರಿ 10ರಂದು ಗಿಟ್‌ಲ್ಯಾಬ್ ಎಂಬ ಕಂಪನಿ ತನ್ನ ಬಳಕೆದಾರರ ಮುಂದೆ ಒಂದು ಉದ್ದನೆಯ ಟಿಪ್ಪಣಿ ಇಟ್ಟಿತು. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ, ಅದರ ಬಗ್ಗೆ ಚರ್ಚಿಸುವ, ದೋಷಗಳನ್ನು ದಾಖಲಿಸುವ ತಾಣ ಅದು. ಜನವರಿ 31ರ ರಾತ್ರಿ ಅದರ ಮುಖ್ಯ ಡೇಟಾಬೇಸ್ ಅಳಿಸಿಹೋಗಿ, ತಾಣ ಸುಮಾರು ಹದಿನೆಂಟು ಗಂಟೆ ಮುಚ್ಚಿತ್ತು. ಅದು ಮತ್ತೆ ತೆರೆದಾಗ ಹಿಂದಿನ ಆರೂವರೆ ಗಂಟೆಗಳಲ್ಲಿ ಸೇರಿದ್ದ ಮಾಹಿತಿ ಮರಳಲಿಲ್ಲ. ಇಂಥ ಅವಘಡದ ನಂತರ ಬರೆಯುವ ಟಿಪ್ಪಣಿಯನ್ನು ಈ ಕ್ಷೇತ್ರದವರು ಪೋಸ್ಟ್‌ಮಾರ್ಟಮ್ ಅನ್ನುತ್ತಾರೆ. ಬ್ಯಾಂಕ್ ಆ್ಯಪ್ ಒಂದು ಗಂಟೆ ನಿಂತರೆ ನಮಗೆ ಸಿಗುವುದು ‘ತಾಂತ್ರಿಕ ಕಾರಣದಿಂದ ಅಡಚಣೆಯಾಗಿದೆ, ಕ್ಷಮಿಸಿ’ ಎಂಬ ಒಂದು ಸಾಲು. ಅದರ ಜಾಗದಲ್ಲಿ ಏನೆಲ್ಲ ಇರಬಹುದಿತ್ತು ಎಂಬುದು ಗಿಟ್‌ಲ್ಯಾಬ್‌ನ ಟಿಪ್ಪಣಿ ಓದಿದರೆ ತಿಳಿಯುತ್ತದೆ.

ಅದು ಮೊದಲು ಹೇಳಿದ್ದು ಬಳಕೆದಾರರಿಗೆ ಆದ ನಷ್ಟ. ಯುಟಿಸಿ ಲೆಕ್ಕದಲ್ಲಿ ಜನವರಿ 31ರ ಸಂಜೆ 5.20ರಿಂದ ನಡುರಾತ್ರಿಯವರೆಗೆ, ಅಂದರೆ ನಮ್ಮ ಗಡಿಯಾರದಲ್ಲಿ ರಾತ್ರಿ 10.50ರಿಂದ ಬೆಳಗಿನ 5.30ರವರೆಗೆ, ಡೇಟಾಬೇಸಿಗೆ ಸೇರಿದ ಬದಲಾವಣೆಗಳು ಹೋಗಿವೆ. ಸುಮಾರು 5,000 ಪ್ರಾಜೆಕ್ಟ್‌ಗಳು, 5,000 ಕಾಮೆಂಟ್‌ಗಳು, 700 ಹೊಸ ಖಾತೆಗಳಿಗೆ ಪೆಟ್ಟು ಬಿದ್ದಿರಬಹುದು ಎಂಬ ಅಂದಾಜೂ ಅದರಲ್ಲಿತ್ತು. ಜನ ಬರೆದ ಕೋಡ್ ಮತ್ತು ವಿಕಿ ಪುಟಗಳು ಡೇಟಾಬೇಸಿನಲ್ಲಿರದೆ ಬೇರೆ ಡಿಸ್ಕ್‌ಗಳಲ್ಲಿದ್ದ ಕಾರಣ ಉಳಿದುಕೊಂಡಿದ್ದವು. ಗಿಟ್‌ಲ್ಯಾಬ್ ತಂತ್ರಾಂಶವನ್ನು ತಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡವರಿಗೆ ಏನೂ ಆಗಿರಲಿಲ್ಲ. ಆ ಸಂಜೆ ಒಂದು ಕಾಮೆಂಟ್ ಬರೆದಿದ್ದವನಿಗೆ ಇಷ್ಟು ಸಾಕು. ತನ್ನದು ಹೋಯಿತೋ ಉಳಿಯಿತೋ, ಯಾವುದನ್ನು ಮತ್ತೆ ಬರೆಯಬೇಕು ಎಂದು ಅವನು ಅಲ್ಲೇ ತೀರ್ಮಾನಿಸಬಹುದು. ‘ಕೆಲವು ಬಳಕೆದಾರರಿಗೆ ತೊಂದರೆಯಾಗಿದೆ’ ಎಂದು ಬರೆದುಬಿಟ್ಟಿದ್ದರೆ ಎಲ್ಲರೂ ಎಲ್ಲವನ್ನೂ ತಡಕಾಡಬೇಕಿತ್ತು.

ಇನ್ನು ಆ ರಾತ್ರಿ ನಡೆದದ್ದು. ಗಿಟ್‌ಲ್ಯಾಬ್ ಬಳಿ ಎರಡು ಡೇಟಾಬೇಸ್ ಸರ್ವರ್‌ಗಳಿದ್ದವು. ಬಳಕೆದಾರರ ಕೆಲಸವೆಲ್ಲ ನಡೆಯುತ್ತಿದ್ದದ್ದು ಮುಖ್ಯ ಸರ್ವರ್‌ನಲ್ಲಿ. ಎರಡನೆಯದು ಮೊದಲನೆಯದರಲ್ಲಾದ ಪ್ರತಿ ಬದಲಾವಣೆಯನ್ನೂ ಬೆನ್ನಹಿಂದೆಯೇ ನಕಲು ಮಾಡಿಕೊಳ್ಳುತ್ತ, ಮುಖ್ಯ ಸರ್ವರ್ ಕೆಟ್ಟರೆ ಅದರ ಜಾಗಕ್ಕೆ ಬರಲು ಸಿದ್ಧವಾಗಿರಬೇಕು. ಈ ನಕಲು ನಡೆಯುವ ಬಗೆ ಹಳೆಯ ಅಂಗಡಿಗಳ ಕಿರ್ದಿ ಪುಸ್ತಕವನ್ನು ಹೋಲುತ್ತದೆ. ಡೇಟಾಬೇಸ್ ಪ್ರತಿ ಬದಲಾವಣೆಯನ್ನೂ ಆದ ಕ್ರಮದಲ್ಲೇ ಮೊದಲು ಒಂದು ದಾಖಲೆಯಲ್ಲಿ ಬರೆದುಕೊಳ್ಳುತ್ತದೆ, ಆಮೇಲೆ ಖತಾವಣಿಗೆ ಏರಿಸುತ್ತದೆ. ಎರಡನೇ ಸರ್ವರ್ ಆ ಕಿರ್ದಿಯ ಹಾಳೆಗಳನ್ನು ತರಿಸಿಕೊಂಡು ತನ್ನ ಖತಾವಣಿಯನ್ನು ತುಂಬಿಕೊಳ್ಳುತ್ತದೆ. ಜಾಗ ಉಳಿಸಲು ಮುಖ್ಯ ಸರ್ವರ್ ಹಳೆಯ ಹಾಳೆಗಳನ್ನು ಆಗಾಗ ಕಿತ್ತು ಎಸೆಯುತ್ತಿರುತ್ತದೆ.

ಅಂದು ಸಂಜೆ ಸ್ಪ್ಯಾಮ್ ಹಾಕುವವರ ಹಾವಳಿಯಿಂದ ಡೇಟಾಬೇಸಿನ ಮೇಲೆ ಹೊರೆ ಬಿತ್ತು. ಯಾರೋ ಕಿಡಿಗೇಡಿತನದಿಂದ ಕಂಪನಿಯದೇ ಉದ್ಯೋಗಿಯೊಬ್ಬರ ಖಾತೆಯ ಮೇಲೆ ದೂರು ಕೊಟ್ಟಿದ್ದರು. ಆ ಖಾತೆಯನ್ನೂ ಅದರ ಮಾಹಿತಿಯನ್ನೂ ಅಳಿಸುವ ಕೆಲಸ ತಪ್ಪಾಗಿ ಅದೇ ಹೊತ್ತಿನಲ್ಲಿ ಓಡುತ್ತಿದ್ದು ಹೊರೆ ಇನ್ನಷ್ಟು ಹೆಚ್ಚಿತು. ಬದಲಾವಣೆಗಳ ರಭಸಕ್ಕೆ ಎರಡನೇ ಸರ್ವರ್ ಹಿಂದೆ ಬಿತ್ತು. ಅದು ಕೇಳುವಷ್ಟರಲ್ಲಿ ಬೇಕಾದ ಹಾಳೆಗಳನ್ನು ಮುಖ್ಯ ಸರ್ವರ್ ಎಸೆದಾಗಿತ್ತು. ಹಾಳೆಗಳನ್ನು ಬೇರೊಂದು ಕಡೆ ಎತ್ತಿಡುವ ಏರ್ಪಾಡು ಇರಲಿಲ್ಲ. ಹೀಗಾದಾಗ ಇರುವ ದಾರಿ ಒಂದೇ. ಎರಡನೇ ಸರ್ವರ್‌ನಲ್ಲಿರುವ ಹಳೆಯ ಮಾಹಿತಿಯನ್ನು ಪೂರ್ತಿ ಅಳಿಸಿ, `pg_basebackup` ಎಂಬ ಆದೇಶದಿಂದ ಮುಖ್ಯ ಸರ್ವರ್‌ನ ಇಡೀ ಪ್ರತಿಯನ್ನು ಹೊಸದಾಗಿ ತರಿಸಬೇಕು.

ರಾತ್ರಿ ಹನ್ನೊಂದರ ಹೊತ್ತಿಗೆ ಇಂಜಿನಿಯರ್ ಒಬ್ಬರು ಈ ಕೆಲಸಕ್ಕೆ ಕೂತರು. ಅಳಿಸಿದ್ದಾಯಿತು, ಆದೇಶ ಕೊಟ್ಟಿದ್ದಾಯಿತು. ಸಂಪರ್ಕಗಳ ಮಿತಿಯ ಬಗ್ಗೆ ಒಂದೆರಡು ದೋಷಗಳು ಬಂದವು, ಅವನ್ನೂ ಸರಿಪಡಿಸಿದರು. ಆಮೇಲೆ ಆದೇಶ ಸುಮ್ಮನೆ ನಿಂತುಬಿಟ್ಟಿತು. ಪರದೆಯ ಮೇಲೆ ಒಂದಕ್ಷರವೂ ಇಲ್ಲ. ಮುಖ್ಯ ಸರ್ವರ್ ಮಾಹಿತಿ ಕಳಿಸಲು ಶುರುಮಾಡುವ ತನಕ ಈ ಆದೇಶ ಹೀಗೇ ಸದ್ದಿಲ್ಲದೆ ಕಾಯುತ್ತದೆ, ಅದು ಅದರ ಸಹಜ ನಡವಳಿಕೆ. ಕಂಪನಿಯ ಕೈಪಿಡಿಯಲ್ಲಿ ಆ ಮಾತು ಇರಲಿಲ್ಲ. ಹಿಂದಿನ ಪ್ರಯತ್ನಗಳಲ್ಲಿ ಹುಟ್ಟಿಕೊಂಡ ಫೈಲುಗಳು ಅಡ್ಡ ಬರುತ್ತಿರಬೇಕು ಎಂದುಕೊಂಡ ಅವರು ಡೇಟಾ ಫೋಲ್ಡರನ್ನು ಇನ್ನೊಮ್ಮೆ ಅಳಿಸಿದರು. ಅಳಿಸಬೇಕಿದ್ದದ್ದು `db2.cluster.gitlab.com` ಎಂಬ ಸರ್ವರ್‌ನಲ್ಲಿ. ಅವರ ಆದೇಶ ಹೋದದ್ದು `db1.cluster.gitlab.com`ಗೆ, ಅಂದರೆ ಮುಖ್ಯ ಸರ್ವರಿಗೆ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಹೋಗಿ, ನಾಲ್ಕೂವರೆ ಜಿಬಿ ಮಾತ್ರ ಉಳಿದಿತ್ತು. ಎರಡನೇ ಸರ್ವರನ್ನು ಕೆಲವೇ ನಿಮಿಷಗಳ ಹಿಂದೆ ಅವರೇ ಖಾಲಿ ಮಾಡಿದ್ದರಿಂದ ಅಲ್ಲೂ ಪ್ರತಿ ಇರಲಿಲ್ಲ.

ಹೆಚ್ಚಿನ ಕಂಪನಿಗಳ ವಿವರಣೆ ಇಲ್ಲಿಗೆ ಮುಗಿಯುತ್ತದೆ. ಸಿಬ್ಬಂದಿಯೊಬ್ಬರ ಕೈತಪ್ಪು, ಕ್ರಮ ಕೈಗೊಂಡಿದ್ದೇವೆ ಅಂತ. ಗಿಟ್‌ಲ್ಯಾಬ್ ಹಾಗೆ ಮಾಡಲಿಲ್ಲ. ಟಿಪ್ಪಣಿಯಲ್ಲಿ ಆ ಇಂಜಿನಿಯರ್ ಹೆಸರೇ ಇಲ್ಲ, ಅವರನ್ನು ಕೆಲಸದಿಂದ ತೆಗೆಯುವುದಿಲ್ಲ ಎಂದೂ ಕಂಪನಿ ಸ್ಪಷ್ಟಪಡಿಸಿತು. ಇದರಲ್ಲಿ ದಯೆಗಿಂತ ಲೆಕ್ಕಾಚಾರ ಹೆಚ್ಚು ಎಂದು ನನಗನಿಸುತ್ತದೆ, ಸರಿಯಾದ ಲೆಕ್ಕಾಚಾರ. ತಲೆ ಹೋಗುತ್ತದೆ ಎಂಬ ಭಯವಿದ್ದವನು ‘ಆ ಆದೇಶ ಯಾಕೆ ಸುಮ್ಮನೆ ನಿಂತಿದೆ ಎಂದು ನನಗೆ ಗೊತ್ತಾಗಲಿಲ್ಲ’ ಅನ್ನುವುದಿಲ್ಲ. ಅವನು ಅದನ್ನು ಹೇಳದಿದ್ದರೆ ಕೈಪಿಡಿಯ ಕೊರತೆ ಹಾಗೇ ಉಳಿಯುತ್ತದೆ, ಮುಂದಿನ ಸಲ ಇನ್ನೊಬ್ಬರು ಅಲ್ಲೇ ಎಡವುತ್ತಾರೆ.

ಕೈತಪ್ಪುಗಳು ಎಲ್ಲ ಕಡೆಯೂ ಆಗುತ್ತವೆ, ಬ್ಯಾಕಪ್ ಇರುವುದೇ ಅದಕ್ಕಾಗಿ. ಹಾಗಿದ್ದರೆ ಬ್ಯಾಕಪ್ ಎಲ್ಲಿತ್ತು? ಈ ಟಿಪ್ಪಣಿಯ ಜೀವಾಳ ಈ ಪ್ರಶ್ನೆಯಲ್ಲಿದೆ.

ದಿನಕ್ಕೊಮ್ಮೆ `pg_dump` ಎಂಬ ಸಾಧನ ಡೇಟಾಬೇಸಿನ ಪ್ರತಿ ತೆಗೆದು ಅಮೆಜಾನ್‌ನ ಕ್ಲೌಡ್‌ನಲ್ಲಿ ಇಡಬೇಕಿತ್ತು. ಹೋಗಿ ನೋಡಿದರೆ ಆ ಜಾಗ ಖಾಲಿ. ಡೇಟಾಬೇಸ್ ಓಡುತ್ತಿದ್ದದ್ದು ಪೋಸ್ಟ್‌ಗ್ರೆಸ್‌ನ 9.6 ಆವೃತ್ತಿಯಲ್ಲಿ, ಬ್ಯಾಕಪ್ ತೆಗೆಯಲು ಹೊರಟಿದ್ದ ಸಾಧನ 9.2 ಆವೃತ್ತಿಯದು. ತನಗಿಂತ ಹೊಸ ಆವೃತ್ತಿಯ ಡೇಟಾಬೇಸನ್ನು ಅದು ಮುಟ್ಟುವುದಿಲ್ಲ, ದೋಷ ಹೇಳಿ ನಿಂತುಬಿಡುತ್ತದೆ. ಹಳೆಯ ಸಾಧನ ಎಲ್ಲಿಂದ ಬಂತು ಎಂಬುದನ್ನೂ ಟಿಪ್ಪಣಿ ಬಿಡಿಸಿ ಹೇಳಿದೆ. ಯಾವ ಆವೃತ್ತಿ ಬಳಸಬೇಕು ಎಂಬುದನ್ನು ತಂತ್ರಾಂಶ ಅದೇ ಯಂತ್ರದಲ್ಲಿರುವ ಡೇಟಾಬೇಸ್ ಫೋಲ್ಡರ್ ನೋಡಿ ತೀರ್ಮಾನಿಸುತ್ತಿತ್ತು. ಬ್ಯಾಕಪ್ ಕೆಲಸ ಓಡುತ್ತಿದ್ದ ಯಂತ್ರದಲ್ಲಿ ಡೇಟಾಬೇಸೇ ಇರಲಿಲ್ಲ, ಹಾಗಾಗಿ ಅದು ಹಳೆಯದನ್ನೇ ಆರಿಸಿಕೊಂಡಿತು.

ಬ್ಯಾಕಪ್ ವಿಫಲವಾದಾಗಲೆಲ್ಲ ಸರ್ವರ್ ಒಂದು ಇಮೇಲ್ ಕಳಿಸುತ್ತಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ನಕಲಿ ಮೇಲ್‌ಗಳನ್ನು ತಡೆಯಲು ಕಂಪನಿಯ ಮೇಲ್ ವ್ಯವಸ್ಥೆಯಲ್ಲಿ ಡಿಮಾರ್ಕ್ ಎಂಬ ಪರಿಶೀಲನೆ ಇತ್ತು. ಸರ್ವರ್ ಕಳಿಸುತ್ತಿದ್ದ ಮೇಲ್‌ಗಳಿಗೆ ಬೇಕಾದ ಸಹಿ ಇರಲಿಲ್ಲ, ಅವು ಬಾಗಿಲಲ್ಲೇ ತಿರಸ್ಕೃತವಾಗುತ್ತಿದ್ದವು. ಎಚ್ಚರಿಕೆ ಬಾರದ್ದನ್ನೇ ಎಲ್ಲರೂ ‘ಎಲ್ಲ ಸರಿಯಿದೆ’ ಎಂದು ಓದಿಕೊಂಡರು. ಇಡೀ ಪ್ರಕರಣದಲ್ಲಿ ಮನಸ್ಸಿನಲ್ಲಿ ಉಳಿಯಬೇಕಾದದ್ದು ಇದು ಎಂದೇ ನನ್ನ ಭಾವನೆ. ಸೋತಾಗ ಮಾತ್ರ ಸದ್ದು ಮಾಡುವ ಎಚ್ಚರಿಕೆ ಸತ್ತುಹೋದರೂ ಗೊತ್ತಾಗುವುದಿಲ್ಲ. ಕೊನೆಯ ಬ್ಯಾಕಪ್ ಎಷ್ಟು ಹೊತ್ತಿನದು, ಗಾತ್ರ ಎಷ್ಟು ಎಂದು ಬೇರೆಯದೇ ವ್ಯವಸ್ಥೆಯೊಂದು ಹೋಗಿ ನೋಡಬೇಕು. ಗಿಟ್‌ಲ್ಯಾಬ್ ಆಮೇಲೆ ಮಾಡಿದ್ದು ಅದನ್ನೇ.

ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಡಿಸ್ಕ್‌ಗಳ ಪ್ರತಿಕೃತಿ ತೆಗೆದಿಡುವ ಸೌಲಭ್ಯ ಕೊಡುತ್ತಿತ್ತು. ಅದನ್ನು ಕೋಡ್ ಇಟ್ಟಿದ್ದ ಸರ್ವರ್‌ಗಳಿಗೆ ಹಾಕಿದ್ದರು, ಡೇಟಾಬೇಸ್ ಸರ್ವರ್‌ಗಳಿಗೆ ಹಾಕಿರಲಿಲ್ಲ. ಉಳಿದ ಉಪಾಯಗಳು ಸಾಕೆಂದು ನಂಬಿದ್ದರು. ಕೊನೆಗೆ ಕೈಹಿಡಿದದ್ದು ಕಾಕತಾಳೀಯ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಇನ್ನೊಂದು ವ್ಯವಸ್ಥೆಗೆ ದಿನಕ್ಕೊಮ್ಮೆ ಡೇಟಾಬೇಸಿನ ಪ್ರತಿ ಹೋಗುತ್ತಿತ್ತು. ಅಂದು ಸಂಜೆ 5.20ಕ್ಕೆ ಇಂಜಿನಿಯರ್ ಒಬ್ಬರು ಬೇರೆ ಪ್ರಯೋಗಕ್ಕಾಗಿ ಕೈಯಾರೆ ಇನ್ನೊಂದು ಪ್ರತಿ ತೆಗೆದಿದ್ದರು. ಅದಿಲ್ಲದಿದ್ದರೆ ಆರೂವರೆ ಗಂಟೆಗಳ ಬದಲು ಇಡೀ ಒಂದು ದಿನದ ಮಾಹಿತಿ ಹೋಗುತ್ತಿತ್ತು. ಆ ಪರೀಕ್ಷಾ ವ್ಯವಸ್ಥೆಯದ್ದು ಕಡಿಮೆ ವೆಚ್ಚದ ನಿಧಾನದ ಡಿಸ್ಕ್. ಅಲ್ಲಿಂದ ಇಷ್ಟು ಮಾಹಿತಿಯನ್ನು ಎಳೆದು ತರುವುದರಲ್ಲೇ ಬಹುಪಾಲು ಸಮಯ ಕಳೆಯಿತು. ಆ ಗಂಟೆಗಳಲ್ಲಿ ಕಂಪನಿ ತನ್ನ ಕೆಲಸದ ಟಿಪ್ಪಣಿಗಳನ್ನು ಎಲ್ಲರಿಗೂ ತೆರೆದಿಟ್ಟಿತ್ತು, ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು. ಫೆಬ್ರುವರಿ 1ರ ಸಂಜೆ ಆರರ ಹೊತ್ತಿಗೆ, ನಮ್ಮಲ್ಲಿ ರಾತ್ರಿ ಹನ್ನೊಂದೂವರೆ, ತಾಣ ಮತ್ತೆ ತೆರೆಯಿತು.

ಟಿಪ್ಪಣಿಯ ಕಾರಣಗಳ ಭಾಗ ‘ಯಾಕೆ’ ಎಂಬ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತ ಸಾಗುತ್ತದೆ. ಬ್ಯಾಕಪ್ ಯಾಕೆ ಸಿಗಲಿಲ್ಲ, ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು. ಯಾಕೆ ಗೊತ್ತಾಗಲಿಲ್ಲ, ಮೇಲ್ ಬರಲಿಲ್ಲ. ಯಾರೂ ಯಾಕೆ ಪರೀಕ್ಷಿಸಿ ನೋಡಲಿಲ್ಲ, ಆ ಕೆಲಸ ಯಾರದೆಂದು ಗೊತ್ತುಮಾಡಿರಲಿಲ್ಲ. ಕೊನೆಯ ಉತ್ತರಕ್ಕೆ ಬಂದು ನಿಂತಾಗ ತಪ್ಪು ಸರ್ವರ್‌ನಲ್ಲಿ ಕೊಟ್ಟ ಆ ಒಂದು ಆದೇಶ ಚಿಕ್ಕದಾಗಿ ಕಾಣುತ್ತದೆ.

ಪರಿಹಾರಗಳೂ ಈ ಉತ್ತರಗಳಿಂದಲೇ ಹುಟ್ಟಿವೆ. ಯಾವ ಸರ್ವರ್‌ನಲ್ಲಿದ್ದೇವೆ ಎಂಬುದು ತಟ್ಟನೆ ಕಣ್ಣಿಗೆ ಬೀಳುವಂತೆ ಪರದೆಯ ಬಣ್ಣ ಮತ್ತು ಹೆಸರನ್ನು ಬದಲಿಸಿದರು. ಇದು ಸುಲಭದ ಕೆಲಸ, ಫಲವೂ ಅಷ್ಟಕ್ಕಷ್ಟೇ, ಏಕೆಂದರೆ ನಿದ್ದೆಗಣ್ಣಿಗೆ ಬಣ್ಣವೂ ಕಾಣದಿರಬಹುದು. ದಿನಕ್ಕೊಮ್ಮೆ ತೆಗೆಯುತ್ತಿದ್ದ ಪ್ರತಿಯನ್ನು ಗಂಟೆಗೊಮ್ಮೆ ಮಾಡಿದರು. ಆಗಲೂ ಅವಘಡವಾದರೆ ಒಂದು ಗಂಟೆಯ ಮಾಹಿತಿ ಹೋಗಬಹುದು. ಆ ಕಂದಕ ಮುಚ್ಚಲು ಕಿರ್ದಿಯ ಹಾಳೆಗಳನ್ನು ಎಸೆಯುವ ಮೊದಲೇ ಬೇರೆ ಕಡೆ ಎತ್ತಿಡುವ ವ್ಯವಸ್ಥೆ ಬೇಕು, ಅದನ್ನೂ ಪಟ್ಟಿಗೆ ಸೇರಿಸಿದರು. ಹಾಳೆಗಳು ಇದ್ದರೆ ಎರಡನೇ ಸರ್ವರ್ ಹಿಂದೆ ಬಿದ್ದರೂ ತಾನೇ ಚೇತರಿಸಿಕೊಳ್ಳುತ್ತದೆ, ಆ ರಾತ್ರಿಯಂತೆ ಯಾರೂ ಫೋಲ್ಡರ್ ಅಳಿಸಲು ಕೂರಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಾಹಿತಿಯ ಸುರಕ್ಷತೆಗೆ ಒಬ್ಬರನ್ನು ಹೊಣೆ ಮಾಡಿ, ಬ್ಯಾಕಪ್‌ನಿಂದ ಡೇಟಾಬೇಸನ್ನು ಮರಳಿ ಕಟ್ಟಿ ನೋಡುವ ಪರೀಕ್ಷೆಯನ್ನು ತಾನಾಗಿ ನಡೆಯುವಂತೆ ಮಾಡಲು ಹೊರಟರು.

ಈ ಕೊನೆಯದನ್ನು ಚಿಕ್ಕ ಸಹಕಾರ ಸಂಘ, ಶಾಲೆ, ಕ್ಲಿನಿಕ್ ಕೂಡ ಮಾಡಬಹುದು. ಬ್ಯಾಕಪ್ ಫೈಲನ್ನು ನಿತ್ಯದ ಕಂಪ್ಯೂಟರಿಗೆ ಹಾಕದೆ ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಬೇಕು. ಅದರಲ್ಲಿರುವ ಕೊನೆಯ ರಸೀದಿಯೋ ದಾಖಲಾತಿಯೋ ಯಾವ ದಿನ, ಎಷ್ಟು ಹೊತ್ತಿನದು ಎಂದು ನೋಡಬೇಕು. ಆ ಹೊತ್ತಿನಿಂದ ಈಚೆಗೆ ನಮೂದಾದದ್ದಷ್ಟೂ ಇವತ್ತು ಡಿಸ್ಕ್ ಕೆಟ್ಟರೆ ಹೋಗುವ ಪಾಲು. ಫೈಲ್ ತೆರೆದು ಲೆಕ್ಕ ಕಾಣಿಸುವವರೆಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು, ಕೌಂಟರ್ ಅಷ್ಟು ಹೊತ್ತು ಮುಚ್ಚಿರುತ್ತದೆ.